ಏಪ್ರಿಲ್-ಮೇ ಸಂಬಳ ಕೇಳಿದ ನನ್ನ ಅನುಭವ

ನಾನು ಹಾಸನ ಜಿಲ್ಲೆಯ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. 2014ರಲ್ಲಿ ಸೇರಿದೆ. ಎಂಟು ವರ್ಷ ನನ್ನ ಸಂಬಳ ಎಷ್ಟು ಅಂತ ಕೇಳಿದರೆ ಸುಮ್ನೆ ಒಂದೇ ಅಂಕಿ ಹೇಳುತ್ತಿದ್ದೆ. ಅದು ಹೇಗೆ ಬಂತು, ಎಷ್ಟು ಹಿಡಿದರು ಅಂತ ನೋಡಿರಲಿಲ್ಲ. ದಿನಾ ಲೆಕ್ಕ ಹೇಳಿಕೊಡುವವಳು ನನ್ನ ಲೆಕ್ಕವನ್ನೇ ನೋಡಿಕೊಳ್ಳದೆ ಇದ್ದದ್ದು ನೆನೆದರೆ ಈಗಲೂ ನೋವಾಗುತ್ತದೆ.

2022ರ ನವೆಂಬರ್‌ನಲ್ಲಿ ಮನೆ ರಿಪೇರಿಗೆ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದೆ. ಅವರು ಪೇ ಸ್ಲಿಪ್ ಕೇಳಿದರು. ನಮ್ಮ ಶಾಲೆಯಲ್ಲಿ ಪೇ ಸ್ಲಿಪ್ ಕೊಡುವ ರೂಢಿಯೇ ಇರಲಿಲ್ಲ. ಆಫೀಸಿನಲ್ಲಿ ಎರಡು ವಾರ ಓಡಾಡಿದ ಮೇಲೆ ಒಂದು ಹಾಳೆ ಬರೆದುಕೊಟ್ಟರು. ಬೇಸಿಕ್ 8,000. ಎಚ್‌ಆರ್‌ಎ 3,000. ಸ್ಪೆಷಲ್ ಅಲವೆನ್ಸ್ 7,000. ಒಟ್ಟು 18,000. ಕೆಳಗೆ ಕಡಿತ: ಪಿಎಫ್ 1,920. ಕೈಗೆ 16,080.

ಅವತ್ತು ರಾತ್ರಿ ಇಪಿಎಫ್ ಪಾಸ್‌ಬುಕ್ ತೆರೆದು ಆ ಹಾಳೆಯ ಪಕ್ಕದಲ್ಲಿ ಇಟ್ಟುಕೊಂಡೆ. ಯುಎಎನ್ ಅನ್ನುವ ಪಿಎಫ್ ಖಾತೆಯ ನಂಬರ್ ಹಾಕಿ ಲಾಗಿನ್ ಆದರೆ ತಿಂಗಳವಾರು ಸಾಲುಗಳು ಬರುತ್ತವೆ. ನನ್ನ ಪಾಲು 960. ಶಾಲೆಯ ಪಾಲು 294, ಪಿಂಚಣಿಗೆ 666. ಶಾಲೆಯ ಎರಡು ಅಂಕಿ ಕೂಡಿದರೆ ಅದೂ 960. 8,000ಕ್ಕೆ ಶೇಕಡಾ 12 ಅಂದರೆ 960 ತಾನೇ? ಹಾಗಾದರೆ ನನ್ನ ಸಂಬಳದಿಂದ 1,920 ಯಾಕೆ ಹಿಡಿದರು? ಶಾಲೆ ಕಟ್ಟಬೇಕಾದ ಪಾಲನ್ನೂ ನನ್ನಿಂದಲೇ ಹಿಡಿದು ಕಟ್ಟುತ್ತಿದ್ದರು. ಆಗ ಜಾರಿಯಲ್ಲಿದ್ದ ಪಿಎಫ್ ಕಾಯ್ದೆಯ 12ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ತಡೆಯುತ್ತಿತ್ತು. ತಾನು ಪಿಎಫ್ ಕಟ್ಟಬೇಕು ಅನ್ನುವ ಕಾರಣಕ್ಕೆ ಮಾಲೀಕರು ನೌಕರರ ಸಂಬಳ ಕಡಿಮೆ ಮಾಡುವಂತಿಲ್ಲ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ವರ್ಷ ಏಪ್ರಿಲ್, ಮೇ ಸಾಲುಗಳೇ ಇರಲಿಲ್ಲ. ನಮ್ಮ ನೇಮಕಾತಿ ಆದೇಶದಲ್ಲಿ 'ಜೂನ್ 1ರಿಂದ ಮಾರ್ಚ್ 31ರವರೆಗೆ' ಅಂತ ಇರುತ್ತಿತ್ತು. ಪ್ರತಿ ಜೂನ್‌ನಲ್ಲಿ ಹೊಸ ಆದೇಶ. ದಸರಾ ರಜೆಗೆ ಸಂಬಳ ಬರುತ್ತಿತ್ತು, ಬೇಸಿಗೆ ರಜೆಗೆ ಇಲ್ಲ. 18,000ವನ್ನು ಹತ್ತು ತಿಂಗಳಿಗೆ ಗುಣಿಸಿ ಹನ್ನೆರಡರಿಂದ ಭಾಗಿಸಿ ನೋಡಿ. ತಿಂಗಳಿಗೆ ಬರೀ 15,000. ಅದು ಕಡಿತಕ್ಕೆ ಮುಂಚಿನ ಲೆಕ್ಕ.

ಆ ಎರಡು ತಿಂಗಳು ನಾವು ಮನೆಯಲ್ಲೇ ಇರುತ್ತಿದ್ದೆವಾ ಅಂದರೆ, ಅದೂ ಇಲ್ಲ. ಹಳೆಯ ಡೈರಿ ತೆಗೆದು ಎಣಿಸಿದೆ. ಆ ವರ್ಷ ಏಪ್ರಿಲ್-ಮೇನಲ್ಲಿ 23 ದಿನ ಶಾಲೆ ಕೆಲಸಕ್ಕೆ ಹೋಗಿದ್ದೆ. ಫಲಿತಾಂಶ ಕೊಡುವ ದಿನ, ಅಂಕಪಟ್ಟಿ ಬರೆಯುವುದು, ಅಡ್ಮಿಷನ್ ಕೌಂಟರ್. ಜಾಸ್ತಿ ದಿನ ಹೋದದ್ದು ಹಳ್ಳಿ ಹಳ್ಳಿಗೆ ಪಾಂಪ್ಲೆಟ್ ಹಿಡಿದು, 'ಮಕ್ಕಳನ್ನ ನಮ್ಮ ಸ್ಕೂಲಿಗೆ ಹಾಕಿ' ಅಂತ ಮನೆ ಮನೆ ಬಾಗಿಲು ತಟ್ಟುವುದಕ್ಕೆ. ಬಿಸಿಲಲ್ಲಿ ಸ್ವಂತ ಸ್ಕೂಟರ್, ಸ್ವಂತ ಪೆಟ್ರೋಲ್.

ಮೊದಲ ಸಲ ಒಬ್ಬಳೇ ಹೋಗಿ ಬಾಯಿಮಾತಲ್ಲಿ ಕೇಳಿದೆ. ಕಾರ್ಯದರ್ಶಿಗಳು, 'ಬೇರೆ ಯಾರೂ ಕೇಳಿಲ್ವಲ್ಲ ಮೇಡಂ, ನಿಮಗೊಬ್ಬರಿಗೇ ಯಾಕೆ ಕಷ್ಟ?' ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಹೊರಗೆ ಬಂದ ಮೇಲೆ ಗೊತ್ತಾಯಿತು, ನಾನು 'ಸಂಬಳ ಕಡಿಮೆ ಆಯ್ತು ಸರ್' ಅಂದಿದ್ದೆ ಅಷ್ಟೆ. ಅದಕ್ಕೆ ಅವರು ಏನು ಬೇಕಾದರೂ ಹೇಳಬಹುದು. 960 ಯಾಕೆ 1,920 ಆಯಿತು ಅಂತ ಕೇಳಿದರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರಿಗೇ ಪಾಸ್‌ಬುಕ್ ತೆರೆಸಿದೆ. ಆರು ಜನ ಜೊತೆಗೆ ಬಂದರು. ಸಮಯವನ್ನೂ ಯೋಚಿಸಿದೆವು. ಮಾರ್ಚ್ ಮುಗಿದರೆ ಆದೇಶವೂ ಮುಗಿಯುತ್ತದೆ, ಆಮೇಲೆ 'ನೀವು ಈಗ ನಮ್ಮ ಸಿಬ್ಬಂದಿಯೇ ಅಲ್ಲ' ಅನ್ನಬಹುದು. ಅದಕ್ಕೇ 2023ರ ಫೆಬ್ರವರಿ ಆರಿಸಿಕೊಂಡೆವು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ, ನಮ್ಮ ಕೆಲಸ ಎಷ್ಟಿದೆ ಅಂತ ಆಡಳಿತ ಮಂಡಳಿಗೂ ಕಾಣುವ ಕಾಲ.

ಪತ್ರ ಒಂದೇ ಪುಟ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಪ್ರತಿ ತಿಂಗಳು ಪೇ ಸ್ಲಿಪ್ ಕೊಡಿ. ಶಾಲೆಯ ಪಿಎಫ್ ಪಾಲನ್ನು ನಮ್ಮಿಂದ ಹಿಡಿಯುವುದು ನಿಲ್ಲಿಸಿ, ಹಿಡಿದದ್ದನ್ನು ವಾಪಸ್ ಕೊಡಿ. ಸ್ಪೆಷಲ್ ಅಲವೆನ್ಸನ್ನು ಬೇಸಿಕ್‌ಗೆ ಸೇರಿಸಿ. ಏಪ್ರಿಲ್-ಮೇ ಸಂಬಳ ಕೊಡಿ. ಜೊತೆಗೆ ರಜೆಯಲ್ಲಿ ಕೆಲಸ ಮಾಡಿದ ದಿನಾಂಕಗಳ ಪಟ್ಟಿ.

ಬೇಸಿಕ್ ಮೇಲೆ ಯಾಕೆ ಅಷ್ಟು ಒತ್ತಿದೆವು ಅಂತ ಹೇಳಬೇಕು. ಒಟ್ಟು 18,000 ಹಾಗೇ ಇದ್ದರೂ ಬೇಸಿಕ್ ಕಡಿಮೆ ಇಟ್ಟರೆ ಶಾಲೆ ಕಟ್ಟುವ ಪಿಎಫ್ ಕಡಿಮೆ. 8,000ಕ್ಕೆ 960, 15,000ಕ್ಕೆ 1,800. ಎಲ್ಲರಿಗೂ ಪ್ರತಿ ತಿಂಗಳು ಕೊಡುವ ಸ್ಪೆಷಲ್ ಅಲವೆನ್ಸನ್ನು ಪಿಎಫ್ ಲೆಕ್ಕಕ್ಕೆ ಸೇರಿಸಬೇಕು ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿದೆ. ಆ ಪ್ರಕರಣಗಳಲ್ಲಿ ಒಂದು ಪಶ್ಚಿಮ ಬಂಗಾಳದ ಒಂದು ಶಾಲೆಯದ್ದೇ. ಎಚ್‌ಆರ್‌ಎ ಮಾತ್ರ ಹೊರಗೆ. ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಗ್ರಾಚ್ಯುಟಿಯೂ ಆಗ ಹೀಗೇ ಇತ್ತು. ಹತ್ತು ವರ್ಷ ಸೇವೆಗೆ, ಬೇಸಿಕ್ 8,000 ಆದರೆ 8,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಮತ್ತೆ ಹತ್ತರಿಂದ ಗುಣಿಸಿದರೆ ಸುಮಾರು 46,150 ರೂಪಾಯಿ. ಬೇಸಿಕ್ 15,000 ಆದರೆ 86,500 ದಾಟುತ್ತದೆ. 'ಟೀಚರ್‌ಗಳಿಗೆ ಗ್ರಾಚ್ಯುಟಿ ಇಲ್ಲ' ಅಂತ ಹೇಳುವವರು ಇನ್ನೂ ಇದ್ದಾರೆ. ಅದು ಹಳೆಯ ಮಾತು. 2009ರ ತಿದ್ದುಪಡಿ ಶಿಕ್ಷಕರನ್ನೂ ಸೇರಿಸಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪತ್ರದ ನಕಲಿಗೆ ಸೀಲು ಹಾಕಿಕೊಡಲು ಆಫೀಸಿನವರು ಒಪ್ಪಲಿಲ್ಲ. ಅದೇ ದಿನ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಿ ಕಳಿಸಿದೆವು. ಮೂರು ವಾರ ಸದ್ದಿಲ್ಲ. ಆಮೇಲೆ ನಮ್ಮಲ್ಲಿ ಇಬ್ಬರು ಪಿಎಫ್ ಇಲಾಖೆಯ `epfigms.gov.in`ನಲ್ಲಿ ದೂರು ಹಾಕಿದರು. ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್ ಮೂರನ್ನೂ ಸ್ಕ್ಯಾನ್ ಮಾಡಿ ಹಾಕಿದ್ದರಿಂದ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಕಾರ್ಮಿಕ ಇಲಾಖೆಗೂ ಹೋಗಿದ್ದೆ. ಅದು ವ್ಯರ್ಥ ಓಡಾಟ. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಶಿಕ್ಷಕರು 'ಕಾರ್ಮಿಕ' ಅಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಇದೆ. ಸೇವಾ ವಿಷಯಕ್ಕೆ ಶಿಕ್ಷಣ ಇಲಾಖೆಯ ಬಿಇಒ, ಡಿಡಿಪಿಐ ಕಡೆ ಹೋಗಬೇಕು. ಕೆಲಸದಿಂದ ತೆಗೆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಜಿಲ್ಲೆಯ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆ ಭಯ ನಮಗೆ ಇದ್ದೇ ಇತ್ತು. ಅದಕ್ಕೇ ಪತ್ರಕ್ಕೆ ಸಹಿ ಹಾಕುವ ಮುಂಚೆ ಎಲ್ಲರೂ ಹಳೆಯ ನೇಮಕಾತಿ ಆದೇಶಗಳು, ಹಾಜರಾತಿ ಪುಸ್ತಕದ ಫೋಟೋ ಎಲ್ಲ ತೆಗೆದಿಟ್ಟುಕೊಂಡೆವು.

ಮಾರ್ಚ್ ಕೊನೆಗೆ ಮಂಡಳಿ ಕರೆಯಿತು. ಈ ಸಲ ಕಾರ್ಯದರ್ಶಿಗಳ ಮೇಜಿನ ಮೇಲೆ ನಮ್ಮ ಪತ್ರ ಇತ್ತು. ಪಿಎಫ್ ಸಾಲಿನ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ಒಂದು ಗಂಟೆ ಮಾತಾಯಿತು. ಬೇಸಿಕ್ 15,000, ಎಚ್‌ಆರ್‌ಎ 4,000 ಮಾಡಿದರು. ಪಿಎಫ್‌ಗೆ ಈಗ ನನ್ನ ಪಾಲು 1,800 ಮಾತ್ರ ಹಿಡಿಯುತ್ತಾರೆ, ಕೈಗೆ 17,200. ಶಾಲೆ ತನ್ನ 1,800 ಬೇರೆ ಕಟ್ಟುತ್ತದೆ. ಏಪ್ರಿಲ್-ಮೇಗೆ ಅರ್ಧ ಸಂಬಳಕ್ಕೆ ಒಪ್ಪಿದರು, ಅದೂ ಮೂರು ವರ್ಷ ಸೇವೆ ಆದವರಿಗೆ. ಪೂರ್ತಿ ಸಂಬಳ ನ್ಯಾಯ ಅಂತಲೇ ನಾನು ಈಗಲೂ ಹೇಳುತ್ತೇನೆ. ಪೋಷಕರಿಂದ ಫೀಸು ಇಡೀ ವರ್ಷಕ್ಕೆ ತೆಗೆದುಕೊಂಡ ಮೇಲೆ ಶಿಕ್ಷಕರಿಗೆ ಹತ್ತೇ ತಿಂಗಳು ಯಾಕೆ?

ಹಿಂದೆ ಹಿಡಿದ ದುಡ್ಡು ವಾಪಸ್ ಬಂದದ್ದು ಒಂದು ವರ್ಷದ್ದು ಮಾತ್ರ. ಉಳಿದದ್ದಕ್ಕೆ ಪಿಎಫ್ ಕಚೇರಿಗೆ ಇನ್ನೂ ಓಡಾಡುತ್ತಿದ್ದೇವೆ. ಜೊತೆಗೆ ಬಂದ ಆರು ಜನರಲ್ಲಿ ಒಬ್ಬರು ಆ ಬೇಸರಕ್ಕೆ ಶಾಲೆ ಬಿಟ್ಟು ಹೋದರು. ಆದರೆ 2023ರ ಜೂನ್‌ನಲ್ಲಿ ಕೈಗೆ ಬಂದ ನೇಮಕಾತಿ ಆದೇಶದಲ್ಲಿ ಮೊದಲ ಸಲ 'ಮೇ 31ರವರೆಗೆ' ಅಂತ ಬರೆದಿತ್ತು.