ಛತ್ರದ ಬಾಗಿಲ ಬ್ಯಾನರಿಗೆ ಮೂರೇ ಸಾಲು

ಮದುವೆ ಛತ್ರದ ಬ್ಯಾನರ್ ಮಾಡಿಸಲು ನಮ್ಮ ಡಿಟಿಪಿ ಅಂಗಡಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಲಗ್ನಪತ್ರಿಕೆ ಇರುತ್ತದೆ. ಅದರಲ್ಲಿರುವುದನ್ನೆಲ್ಲ ದೊಡ್ಡದು ಮಾಡಿಕೊಟ್ಟರೆ ಸಾಕು ಎಂಬುದು ಅವರ ಎಣಿಕೆ. ಕುಲದೇವರ ಹೆಸರು, ಎರಡೂ ಕಡೆಯ ತಂದೆ ತಾಯಿ, ಊರು, ಮುಹೂರ್ತ, ಕೊನೆಗೆ ವಧೂವರರ ಫೋಟೊ. ಆದರೆ ರಸ್ತೆಯಲ್ಲಿ ಆಟೊ ನಿಲ್ಲಿಸಿ ಕತ್ತೆತ್ತಿ ನೋಡುವ ನೆಂಟರಿಗೆ ಬೇಕಾಗಿರುವುದು ಒಂದೇ ಸಂಗತಿ: ನಾವು ಬಂದಿರುವುದು ಸರಿಯಾದ ಮದುವೆಗೇ ತಾನೆ? ಒಂದೇ ರಸ್ತೆಯಲ್ಲಿ ಎರಡು ಮೂರು ಛತ್ರಗಳಿರುವ ಊರುಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಹಾಗಾಗಿ ನಾನು ಹೆಸರುಗಳನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಇಡುತ್ತೇನೆ.

ಈಚೆಗೆ ಮಾಡಿದ ಒಂದನ್ನು ಹೇಳುತ್ತೇನೆ. ಬಟ್ಟೆಯ ಬ್ಯಾನರ್, ಹತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರ. (ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ, ಕೇಳಿದವರಿಗೆಲ್ಲ ಬಟ್ಟೆಯನ್ನೇ ಹೇಳುತ್ತೇನೆ.) ರಸ್ತೆಯಿಂದ ಕಮಾನಿಗೆ ಸುಮಾರು 70 ಅಡಿ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಬೋರ್ಡ್ ಬರೆಯುವವರ ಲೆಕ್ಕ. ಅಂದರೆ ಹೆಸರಿಗೆ ಏಳು ಅಂಗುಲವಾದರೂ ಬೇಕು. ನಾನು ಎಂಟು ಇಟ್ಟೆ. ಈ ಎತ್ತರ ತಲೆಕಟ್ಟಿನಿಂದ ಅಕ್ಷರದ ಬುಡದವರೆಗಿನದು, ಒತ್ತು ಅದರಲ್ಲಿ ಸೇರುವುದಿಲ್ಲ. ಕೊನೆಗೆ ಉಳಿದ ಒಕ್ಕಣೆ ಇಷ್ಟು:

ಚಿ.ಸೌ. ಶ್ರೀಲಕ್ಷ್ಮಿ
ಚಿ. ಮಧುಕರ
ವಿವಾಹಕ್ಕೆ ಆದರದ ಸ್ವಾಗತ

ವಧುವಿನ ಸೋದರಮಾವನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಹೆತ್ತವರ ಹೆಸರೇ ಇಲ್ಲದಿದ್ದರೆ ಬೀಗರು ಏನೆಂದುಕೊಂಡಾರು ಸ್ವಾಮಿ?" ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆದ್ದರಿಂದ ಎರಡೂ ಮನೆಯ ಹಿರಿಯರ ಹೆಸರು, ಆರತಕ್ಷತೆ ಮತ್ತು ಮುಹೂರ್ತದ ವೇಳೆ ಇವೆಲ್ಲವನ್ನೂ ಒಳಬಾಗಿಲಲ್ಲಿ ಪನ್ನೀರು ಚಿಮುಕಿಸುವ ಮೇಜಿನ ಪಕ್ಕ ಒಂದು ಸಣ್ಣ ಫಲಕದಲ್ಲಿ ಹಾಕಿಕೊಟ್ಟೆ. ಅಲ್ಲಿ ಜನ ಹೇಗೂ ನಿಲ್ಲುತ್ತಾರೆ, ಓದುತ್ತಾರೆ. ಹೊರಗಿನ ಬ್ಯಾನರಿನಲ್ಲಿ ಗೌರವದ ಹೊಣೆಯನ್ನು "ಚಿ.", "ಚಿ.ಸೌ." ಮತ್ತು "ಆದರದ" ಹೊತ್ತುಕೊಂಡವು. ಚಿ., ಚಿ.ಸೌ. ಎರಡನ್ನೂ ಹೆಸರಿನ ಅರ್ಧ ಅಳತೆಗೆ ಇಳಿಸಿದೆ. ಅವು ಇರಲೇಬೇಕು, ಆದರೆ ದೂರದಿಂದ ಓದುವಂತಿರಬೇಕಾಗಿಲ್ಲ.

ಕನ್ನಡದ ಬ್ಯಾನರ್ ಕೆಡುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಒತ್ತಕ್ಷರ. "ಲಕ್ಷ್ಮಿ"ಯಲ್ಲಿ ಕಕಾರದ ಕೆಳಗೆ ಎರಡು ಒತ್ತುಗಳಿವೆ, ಅವು ಇಳಿದು ಕೆಳಗಿನ ಸಾಲಿನ ಜಾಗವನ್ನು ನುಂಗುತ್ತವೆ. ಸಾಲುಗಳನ್ನು ಹತ್ತಿರ ಎಳೆದರೆ ಆ ಒತ್ತು "ಮಧುಕರ"ದ ತಲೆಕಟ್ಟಿಗೆ ತಾಗಿ ದೂರಕ್ಕೆ ಎರಡೂ ಹೆಸರು ಗಂಟುಬಿದ್ದಂತೆ ಕಾಣುತ್ತವೆ. ಇಲ್ಲಿ ಆ ಎರಡು ಸಾಲುಗಳ ನಡುವೆ ಏಳು ಅಂಗುಲ ಬಿಟ್ಟೆ, ಎರಡನೆಯದಕ್ಕೂ ಮೂರನೆಯದಕ್ಕೂ ನಾಲ್ಕೇ ಸಾಕಾಯಿತು. ಅಂತರ ಸಮವಾಗಿರಲಿ ಎಂದು ಕೆಲವರು ಹಟ ಹಿಡಿಯುತ್ತಾರೆ. ಅಳತೆಪಟ್ಟಿ ಇಟ್ಟರೆ ಸಮ ಬಾರದಿದ್ದರೂ, ಒತ್ತು ತುಂಬಿಕೊಂಡ ಮೇಲೆ ಕಣ್ಣಿಗೆ ಸಮವೇ ಕಾಣುತ್ತದೆ.

ಎರಡನೆಯದು ಮಹಾಪ್ರಾಣ. "ಧ"ಕ್ಕೂ "ದ"ಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಸಣ್ಣ ಗೀಟು. ಅಕ್ಷರ ಎದ್ದು ಕಾಣಲಿ ಎಂದು ಸುತ್ತ ದಪ್ಪ ಔಟ್‌ಲೈನ್ ಎಳೆದು, ಅದರ ಹಿಂದೆ ನೆರಳನ್ನೂ ಕೊಟ್ಟರೆ ಮೊದಲು ಮುಚ್ಚಿಹೋಗುವುದು ಆ ಜಾಗವೇ. ಮಧುಕರ "ಮದುಕರ" ಆಗುತ್ತಾನೆ. ಔಟ್‌ಲೈನ್, ನೆರಳು, ಬಂಗಾರದ ಹೊಳಪು ಮೂರನ್ನೂ ತೆಗೆದು, ತಿಳಿ ಹಳದಿಯ ಮೇಲೆ ಗಾಢ ಕುಂಕುಮದ ಬಣ್ಣದಲ್ಲಿ, ಗೆರೆ ಎಲ್ಲ ಕಡೆ ಒಂದೇ ದಪ್ಪವಿರುವ ಅಕ್ಷರ ಬಳಸಿದೆ. ಸಂಜೆಯ ಆರತಕ್ಷತೆಗೆ ಫೋಕಸ್ ದೀಪ ಬಿದ್ದಾಗಲೂ ಈ ಬಣ್ಣಗಳು ಓದಿಸಿಕೊಳ್ಳುತ್ತವೆ. ಪ್ರೆಸ್ಸಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್ಸ್, ಅಂದರೆ ಫಾಂಟಿನ ಹಂಗಿಲ್ಲದ ಬರಿಯ ಗೆರೆಚಿತ್ರ, ಮಾಡಲೇಬೇಕು. ಆ ಫಾಂಟ್ ಅಲ್ಲಿಲ್ಲದಿದ್ದರೆ ಒತ್ತುಗಳೆಲ್ಲ ದಿಕ್ಕಾಪಾಲಾಗುತ್ತವೆ.

ಮುದ್ರಣಕ್ಕೆ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಹತ್ತು ಅಡಿಯ ಬ್ಯಾನರನ್ನು ಎ4 ಹಾಳೆಯ ಮೇಲೆ ಹತ್ತು ಅಂಗುಲ ಅಗಲಕ್ಕೆ ಮುದ್ರಿಸಿದರೆ ಅದು ಹನ್ನೆರಡರಲ್ಲಿ ಒಂದು ಪಾಲು. ಹಾಗಾದರೆ ರಸ್ತೆಯ 70 ಅಡಿ ಇಲ್ಲಿ ಹೆಚ್ಚುಕಡಿಮೆ ಆರು ಅಡಿಯಾಗುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿ, ಆರು ಅಡಿ ದೂರದಲ್ಲಿ ಮನೆಯ ಹಿರಿಯರೊಬ್ಬರನ್ನು ನಿಲ್ಲಿಸಿ, ಏನು ಬರೆದಿದೆ ಎಂದು ಮೊದಲೇ ಹೇಳದೆ ಓದಿಸುತ್ತೇನೆ. ತಡವರಿಸಿದ ಅಕ್ಷರವನ್ನು ತಿದ್ದುತ್ತೇನೆ. ಕಂಪ್ಯೂಟರ್ ಪರದೆಯ ಮುಂದೆ ಕುಳಿತವನಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಅಂಚಿನ ಮಾತೂ ಇದೆ. ಕಮಾನಿನ ಎರಡು ಬದಿಗೆ ಬಾಳೆಕಂದು ಕಟ್ಟುತ್ತಾರೆ, ಮೇಲೆ ಹೂವಿನವರು ಮಾವಿನ ತೋರಣ ಮತ್ತು ಚೆಂಡುಹೂವಿನ ಸರ ಇಳಿಬಿಡುತ್ತಾರೆ. ಎಡಬಲಕ್ಕೆ ಒಂದೊಂದು ಅಡಿ, ಮೇಲೆ ಐದು ಅಂಗುಲ ಖಾಲಿ ಬಿಟ್ಟು, ಸರ ಅದಕ್ಕಿಂತ ಕೆಳಗೆ ಇಳಿಯಬಾರದೆಂದು ಹೂವಿನವರಿಗೆ ಹಿಂದಿನ ದಿನವೇ ಹೇಳಿಸಿಬಿಡುತ್ತೇನೆ.