ಮೀಟರ್ 42 ಅನ್ನುತ್ತದೆ, ನಿದ್ದೆ ಮಾತ್ರ ಬರುವುದಿಲ್ಲ: ಎ ವೆಯ್ಟಿಂಗ್ ಬಗ್ಗೆ ನನ್ನ ಅನುಭವ

ಮಂಗಳೂರಿನಲ್ಲಿ ಸೌಂಡ್ ಸಿಸ್ಟಮ್ ಹಾಕಿಕೊಡುವುದು, ಸದ್ದು ಅಳೆದು ರಿಪೋರ್ಟ್ ಬರೆಯುವುದು ನನ್ನ ಕೆಲಸ. ಅಳೆಯಲು ಹೋದ ಕಡೆಯಲ್ಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಮೀಟರ್ ಇರುವ ಸದ್ದನ್ನು ಇದ್ದ ಹಾಗೇ ತೋರಿಸಬೇಕಲ್ವಾ, ಮಧ್ಯದಲ್ಲಿ ಈ ಎ ವೆಯ್ಟಿಂಗ್ ಅನ್ನುವ ಫಿಲ್ಟರ್ ಯಾಕೆ? ಬಿಜೈಯ ಒಂದು ಮನೆಯಲ್ಲಿ ಈ ಪ್ರಶ್ನೆಗೆ ಸರಿಯಾಗಿ ಕೂತು ಉತ್ತರ ಹುಡುಕಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಮನೆಯಲ್ಲಿರುವುದು ರಿಟೈರ್ ಆದ ಒಬ್ಬರು ಟೀಚರ್. ಪಕ್ಕದಲ್ಲಿ ಅಂಗಡಿ, ಆಫೀಸುಗಳಿರುವ ಕಟ್ಟಡ. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಅಲ್ಲಿಯ ಜನರೇಟರ್ ಶುರುವಾಗುತ್ತದೆ, ರಾತ್ರಿ ಎಷ್ಟು ಹೊತ್ತಾದರೂ ಸರಿ. "ಜೋರು ಸದ್ದು ಅಂತ ಅಲ್ಲ, ತಲೆಯೊಳಗೆ ಗುಂಯ್ ಅಂತ ಕೂತುಬಿಡ್ತದೆ" ಅಂತ ಟೀಚರ್ ಹೇಳಿದರು. ಕಟ್ಟಡದ ಮ್ಯಾನೇಜರ್ ಆಗಲೇ ಒಮ್ಮೆ ಮೀಟರ್ ಹಿಡಿಸಿ ನೋಡಿದ್ದರು. ಮಲಗುವ ಕೋಣೆಯಲ್ಲಿ 39 ಡೆಸಿಬೆಲ್ ಬಂದಿತ್ತು. "ನೋಡಿ ಮಾರಾಯ್ರೆ, ರಾತ್ರಿಗೆ 45ರವರೆಗೆ ಇರಬಹುದು ಅಂತ ರೂಲ್ಸೇ ಉಂಟು. ನಾವು ಅದರ ಒಳಗೇ ಇದ್ದೇವಲ್ಲ?" ಅನ್ನುವುದು ಅವರ ವಾದ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಅಂತ ಇರುವುದು ನಿಜ. ಅದು ಆ ಪ್ರದೇಶದ ಹೊರಗಿನ ಸದ್ದಿಗೆ ಇಟ್ಟ ಮಿತಿ, ಕಿಟಕಿ ಹಾಕಿದ ಕೋಣೆಯ ಲೆಕ್ಕವಲ್ಲ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆ 39 ಅನ್ನುವುದು ಎ ವೆಯ್ಟಿಂಗ್ ಹಾಕಿ ಬಂದ ಅಂಕಿ.

ಮೀಟರಿನ ಮೈಕ್ ಹಿಡಿದ ಸದ್ದು ನೇರವಾಗಿ ಪರದೆಗೆ ಬರುವುದಿಲ್ಲ. ಮೊದಲು ಒಂದು ಫಿಲ್ಟರ್ ದಾಟುತ್ತದೆ, ಆಮೇಲೆ ಸರಾಸರಿ ಆಗಿ ಡೆಸಿಬೆಲ್ ಆಗುತ್ತದೆ. ಎ ಫಿಲ್ಟರ್ 1000 ಹರ್ಟ್ಸ್ ಸದ್ದನ್ನು, ಅಂದರೆ ಸೆಕೆಂಡಿಗೆ 1000 ಸಲ ಕಂಪಿಸುವ ಸ್ವರವನ್ನು, ಮುಟ್ಟುವುದೇ ಇಲ್ಲ. 2000ದಿಂದ 4000ದವರೆಗೆ ಸುಮಾರು 1 ಡೆಸಿಬೆಲ್ ಸೇರಿಸುತ್ತದೆ. ಕೆಳಗಿನ ಸ್ವರಗಳಿಗೆ ಬಂದಾಗ ಕಡಿತ ಶುರು: 100 ಹರ್ಟ್ಸ್‌ನಲ್ಲಿ 19 ಡೆಸಿಬೆಲ್, 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್ ಕಳೆದುಬಿಡುತ್ತದೆ.

ಇದನ್ನು ಯಾರೋ ಮನಸ್ಸಿಗೆ ಬಂದ ಹಾಗೆ ಇಟ್ಟದ್ದಲ್ಲ. ನಮ್ಮ ಕಿವಿಯೇ ಹಾಗಿದೆ. 50 ಹರ್ಟ್ಸ್ ಸದ್ದು 44 ಡೆಸಿಬೆಲ್ ಆಸುಪಾಸಿಗೆ ಬರುವ ತನಕ ನಮಗೆ ಕೇಳಿಸುವುದೇ ಇಲ್ಲ, 1000 ಹರ್ಟ್ಸ್ ಆದರೆ ಎರಡು ಮೂರು ಡೆಸಿಬೆಲ್ ಸಾಕು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಇದನ್ನು ಜನರ ಕಿವಿಯಿಂದಲೇ ಅಳೆದು 1933ರಲ್ಲಿ ಪ್ರಕಟಿಸಿದರು. ಒಂದು ಸ್ವರ 1000 ಹರ್ಟ್ಸ್ ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ ಎಷ್ಟು ಡೆಸಿಬೆಲ್ ಬೇಕು ಅಂತ ಕೇಳಿಸಿ ಕೇಳಿಸಿ ಗೆರೆ ಎಳೆದರು. ಆ ಗೆರೆಗಳಲ್ಲಿ 1000 ಹರ್ಟ್ಸ್‌ನ 40 ಡೆಸಿಬೆಲ್‌ಗೆ ಸಮನಾದದ್ದನ್ನು ತಲೆಕೆಳಗು ಮಾಡಿದರೆ ಹತ್ತಿರ ಹತ್ತಿರ ಎ ಫಿಲ್ಟರ್ ಸಿಗುತ್ತದೆ. ಅಂದರೆ ಅದು ಮೆತ್ತಗಿನ ಸದ್ದಿಗೆ ಹೊಲಿದದ್ದು. ಮಧ್ಯಮ ಸದ್ದಿಗೆ ಬಿ, ಜೋರು ಸದ್ದಿಗೆ ಸಿ ಅಂತ ಬೇರೆಯೇ ಇದ್ದವು. ಬಿ ಈಗ ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡದಲ್ಲೇ ಇಲ್ಲ. ಸಿ ಇದೆ, ಅದು ಕೆಳಸ್ವರಗಳಿಂದ ಕಳೆಯುವುದು ತೀರಾ ಸ್ವಲ್ಪ, ಆದರೆ ಆ ಬಟನ್ ಒತ್ತುವವರು ಕಡಿಮೆ.

ಸದ್ದು ಜೋರಾದಷ್ಟೂ ಕಿವಿ ಕೆಳಸ್ವರವನ್ನು ಹೆಚ್ಚು ಹೆಚ್ಚು ಕೇಳಿಸಿಕೊಳ್ಳುತ್ತದೆ, ಫಿಲ್ಟರ್ ಮಾತ್ರ ಬದಲಾಗುವುದಿಲ್ಲ. ಮೆಹಂದಿಯ ರಾತ್ರಿ ಡಿಜೆ ಬಾಕ್ಸಿನ ಹತ್ತಿರ 50 ಹರ್ಟ್ಸ್ ಬೇಸ್ 100 ಡೆಸಿಬೆಲ್ ಇದೆ ಅಂತಿಟ್ಟುಕೊಳ್ಳಿ. ಕಿವಿಗೆ ಅದು 1000 ಹರ್ಟ್ಸ್‌ನ ಹೆಚ್ಚುಕಡಿಮೆ 80 ಡೆಸಿಬೆಲ್‌ನಷ್ಟು ಜೋರು, ಎ ಮೀಟರ್ ಅದಕ್ಕೆ ಕೊಡುವುದು 70. ಅಲ್ಲಿ ಎ ಅಂಕಿ ನಿಜಕ್ಕೂ ಕಡಿಮೆ ಹೇಳುತ್ತದೆ.

ಟೀಚರ್ ಮನೆಯ ವಿಷಯ ಸ್ವಲ್ಪ ಬೇರೆ. ಅಲ್ಲಿ ಸದ್ದು ಮೆತ್ತಗೆ, ಎ ಫಿಲ್ಟರ್ ಹೊಲಿದದ್ದೇ ಅಂಥದ್ದಕ್ಕೆ. ಹಾಗಿದ್ದರೂ ಅಂಕಿ ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದೇ ನನಗೆ ಬೇಕಿತ್ತು.

ಮೊದಲು ಮೀಟರಿನ ಬಾಯಿಗೆ ಕ್ಯಾಲಿಬ್ರೇಟರ್ ಹಾಕಿದೆ. ಅದು 1000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಕೊಡುತ್ತದೆ. 1000ದಲ್ಲಿ ಎ, ಸಿ ಎರಡೂ ಏನನ್ನೂ ಕಳೆಯುವುದಿಲ್ಲವಾದ್ದರಿಂದ ಎರಡರಲ್ಲೂ 94 ಬರಬೇಕು. ಎರಡು ಅಂಕಿ ಬೇರೆ ಬೇರೆ ಬಂದರೆ ಮೀಟರಲ್ಲೇ ಏನೋ ಕೆಟ್ಟಿದೆ ಅಂತ ತಿಳಿಯಿರಿ. ಆಮೇಲೆ ಮಳೆ ನಿಲ್ಲುವ ತನಕ ಕಾದೆ. ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಅಳತೆಗೆ ಅರ್ಥವೇ ಇಲ್ಲ. ಫ್ಯಾನ್ ಆಫ್, ಇನ್ವರ್ಟರ್ ಆಫ್, ಕಿಟಕಿ ಬಂದ್. ಜನರೇಟರ್ ಇಲ್ಲದಾಗ ಕೋಣೆಯಲ್ಲಿ ಎ 36, ಸಿ 45 ಇತ್ತು. ಆ 36ರಲ್ಲಿ ದೊಡ್ಡ ಪಾಲು ಹೊರಗಿನ ಜೀರುಂಡೆ, ಕಪ್ಪೆಗಳದ್ದು. ಜೀರುಂಡೆಯ ಸದ್ದು ಮೇಲಿನ ಸ್ವರ, ಎ ಫಿಲ್ಟರ್ ಅದನ್ನು ಒಂಚೂರೂ ಕಡಿಮೆ ಮಾಡುವುದಿಲ್ಲ.

ಮ್ಯಾನೇಜರಿಗೆ ಹೇಳಿ ಜನರೇಟರ್ ಹಾಕಿಸಿದೆ. ಕೋಣೆಯ ನಡುವೆ ಮೀಟರ್ ಇಟ್ಟರೆ ಎ 39. ಅವರ ಅಂಕಿ ಸರಿಯೇ ಇತ್ತು. ಸಿ ಗೆ ಬದಲಿಸಿದರೆ 58. ಆಮೇಲೆ ಟೀಚರ್ ತಲೆದಿಂಬು ಇಡುವ ಜಾಗಕ್ಕೆ ಮೀಟರ್ ತಂದೆ, ಗೋಡೆಯ ಪಕ್ಕಕ್ಕೆ. ಎ 42, ಸಿ 68! ಒಂದೇ ಕೋಣೆ, ಒಂದೇ ಸದ್ದು. ಎ ನೋಡಿದರೆ ನಡುವಿಗೂ ದಿಂಬಿಗೂ 3 ಡೆಸಿಬೆಲ್ ವ್ಯತ್ಯಾಸ, ಸಿ ನೋಡಿದರೆ 10.

ಸದ್ದನ್ನು ಸ್ವರದ ಪಟ್ಟಿಗಳಾಗಿ ಬಿಡಿಸಿ ತೋರಿಸುವ ಆಯ್ಕೆ ನನ್ನ ಮೀಟರಿನಲ್ಲಿದೆ. ದಿಂಬಿನ ಹತ್ತಿರ 50 ಹರ್ಟ್ಸ್ ಪಟ್ಟಿ ಒಂದೇ ಎದ್ದು ನಿಂತಿತ್ತು, 69 ಡೆಸಿಬೆಲ್. 100 ಹರ್ಟ್ಸ್‌ನಲ್ಲಿ 55. ಉಳಿದದ್ದೆಲ್ಲ ಜನರೇಟರ್ ಇಲ್ಲದಾಗ ಇದ್ದಷ್ಟೇ. ಜನರೇಟರಿನ ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಸೆಕೆಂಡಿಗೆ 25. ಸುತ್ತಿಗೆ ಎರಡು ಸಿಲಿಂಡರ್ ಉರಿಯುವುದರಿಂದ ಸೆಕೆಂಡಿಗೆ 50 ಹೊಡೆತ. 50 ಹರ್ಟ್ಸ್ ಎಲ್ಲಿಂದ ಬಂತು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಈಗ ಎ ಫಿಲ್ಟರ್ ಏನು ಮಾಡಿತು ನೋಡಿ. 69ರಲ್ಲಿ 30 ಕಳೆದು ಹತ್ತಿರ ಹತ್ತಿರ 39 ಮಾಡಿತು. 55ರಲ್ಲಿ 19 ಕಳೆದು 36. ಜೀರುಂಡೆ, ಕಪ್ಪೆ ಎಲ್ಲ ಸೇರಿ ಇನ್ನೊಂದು 36. ಡೆಸಿಬೆಲ್ ಅನ್ನು ಮಾಮೂಲಿ ಹಾಗೆ ಕೂಡಿಸುವ ಹಾಗಿಲ್ಲ, ಎರಡು 36 ಸೇರಿದರೆ 39, ಅದಕ್ಕೆ ಇನ್ನೊಂದು 39 ಸೇರಿದರೆ 42. ಪರದೆಯ ಮೇಲೆ ಬಂದದ್ದು ಇದೇ 42. ಗುಂಯ್‌ಗುಟ್ಟುವ ಸದ್ದೂ ಜೀರುಂಡೆಯೂ ಒಂದೇ ಅಂಕಿಯೊಳಗೆ ಸೇರಿಹೋದವು. ಹದವಾದ ಮಳೆಯೂ ಇದೇ ಕೋಣೆಯಲ್ಲಿ 42 ಕೊಡಬಹುದು, ಅದಕ್ಕೆ ಯಾರೂ ಎದ್ದು ಕೂರುವುದಿಲ್ಲ. ಟೀಚರಿಗೆ ಕಾಡುತ್ತಿದ್ದದ್ದು ಕಿವಿಗೆ ಕೇಳಿಸಲು ಶುರುವಾಗುವ 44ರ ಗೆರೆಗಿಂತ 25 ಡೆಸಿಬೆಲ್ ಮೇಲಿದ್ದ, ಏರಿಳಿತವಿಲ್ಲದ ಒಂದೇ ಸ್ವರ. ಜನರೇಟರಿನ ಮೇಲಿನ ಸ್ವರಗಳನ್ನು ಗೋಡೆ, ಕಿಟಕಿ ತಡೆದುಬಿಡುತ್ತವೆ, ಹಾಗಾಗಿ ಈ ಕೆಳಸ್ವರವನ್ನು ಮುಚ್ಚಿಹಾಕುವಂಥ ಬೇರೆ ಸದ್ದೂ ಇಲ್ಲ. ಎ ವೆಯ್ಟಿಂಗ್ ಹೇಳುವುದು ಸದ್ದು ಒಟ್ಟು ಎಷ್ಟು ಅಂತ ಮಾತ್ರ. ಎಂಥದ್ದು ಅಂತ ಅದರಿಂದ ತಿಳಿಯುವುದಿಲ್ಲ.

ದಿಂಬಿನ ಹತ್ತಿರವೇ ಯಾಕೆ ಜಾಸ್ತಿ? 50 ಹರ್ಟ್ಸ್ ಅಲೆಯ ಉದ್ದ ಸುಮಾರು 6.9 ಮೀಟರ್, ಅರ್ಧ ಅಂದರೆ 3.4 ಮೀಟರ್. ಕೋಣೆ ಆ ದಿಕ್ಕಿನಲ್ಲಿ 11 ಅಡಿ, ಹೆಚ್ಚುಕಡಿಮೆ ಅಷ್ಟೇ. ಇಂಥ ಕೋಣೆಯಲ್ಲಿ ಆ ಸ್ವರ ಎರಡೂ ಗೋಡೆಗಳ ಹತ್ತಿರ ಏರಿ, ನಡುವೆ ಇಳಿಯುತ್ತದೆ. ನಡುವೆ ಮೀಟರ್ ಇಟ್ಟವರಿಗೆ 50 ಹರ್ಟ್ಸ್ ಪಟ್ಟಿಯಲ್ಲಿ 57 ಸಿಗುತ್ತದೆ, ಗೋಡೆಗೆ ತಲೆ ಮಾಡಿ ಮಲಗಿದವರಿಗೆ 69. ಇಂಥ ದೂರು ಬಂದಾಗ ಸುಮ್ನೆ ಕೋಣೆಯ ಮಧ್ಯೆ ಒಂದು ಎ ಅಂಕಿ ತೆಗೆದುಕೊಂಡು ಬರುವುದು ನನ್ನ ಪ್ರಕಾರ ಅನ್ಯಾಯ. ಜನ ಎಲ್ಲಿ ಮಲಗುತ್ತಾರೋ ಅಲ್ಲೇ ಅಳೆಯಬೇಕು, ಎ ಮತ್ತು ಸಿ ಎರಡನ್ನೂ ಬರೆದುಕೊಳ್ಳಬೇಕು.

ಸಿ ಯಲ್ಲಿ ಎ ಕಳೆದರೆ 20ಕ್ಕಿಂತ ಹೆಚ್ಚು ಉಳಿಯಿತಾ, ಕೆಳಸ್ವರ ಹುಡುಕಿ. ಇಲ್ಲಿ 26 ಉಳಿದಿತ್ತು. ಆದರೆ ಬರೀ ವ್ಯತ್ಯಾಸವನ್ನೇ ನಂಬಬೇಡಿ. ತುಂಬಾ ಶಾಂತವಾದ ಕೋಣೆಯಲ್ಲಿ ಎ 22, ಸಿ 43 ಬಂದರೂ ವ್ಯತ್ಯಾಸ 21 ಆಗುತ್ತದೆ, ಆದರೆ ಅಲ್ಲಿರುವ 50 ಹರ್ಟ್ಸ್ ಕಿವಿಗೆ ಬೀಳುವುದೇ ಕಷ್ಟ. ಮೊಬೈಲ್ ಆ್ಯಪಿನ ಸಿ ಅಂಕಿಯನ್ನೂ ನಾನು ಇದಕ್ಕೆ ಒಪ್ಪುವುದಿಲ್ಲ. ಮಾತಿಗೆ ಅಡ್ಡಿಯಾಗದ ಹಾಗೆ ಎಷ್ಟೋ ಫೋನುಗಳು ಕೆಳಸ್ವರವನ್ನು ಮೊದಲೇ ಕತ್ತರಿಸುತ್ತವೆ, ಆ್ಯಪಿಗೆ ಉಳಿದದ್ದಷ್ಟೇ ಸಿಗುವುದು.

ಪಟ್ಟಿಯ ಚಿತ್ರವನ್ನು ಮ್ಯಾನೇಜರಿಗೆ ತೋರಿಸಿದೆ. "ಕ್ಯಾನಪಿ ಉಂಟಲ್ವಾ, ಮತ್ತೆ ಎಂತದ್ದು?" ಅಂತ ಕೇಳಿದರು. ಕ್ಯಾನಪಿ ಅಂದರೆ ಜನರೇಟರಿನ ಸುತ್ತ ಮುಚ್ಚುವ ಪೆಟ್ಟಿಗೆ, ಅದರೊಳಗಿನ ಫೋಮ್ ಮೇಲಿನ ಸ್ವರಗಳನ್ನು ಚೆನ್ನಾಗಿ ನುಂಗುತ್ತದೆ. ಎ ಅಂಕಿ ಇಳಿಯುವುದೂ ಅದರಿಂದಲೇ. ಸುಮಾರು 7 ಮೀಟರ್ ಉದ್ದದ ಅಲೆಗೆ ಎರಡು ಮೂರು ಇಂಚಿನ ಫೋಮ್ ಲೆಕ್ಕಕ್ಕೇ ಇಲ್ಲ. ಹೊಗೆ ಕೊಳವೆಯ ಬಾಯಿ ಬೇರೆ ಟೀಚರ್ ಮನೆಯ ಕಂಪೌಂಡಿನ ಕಡೆಗೇ ಇತ್ತು. ಅವರು ದೊಡ್ಡ ಸೈಲೆನ್ಸರ್ ಹಾಕಿಸಿ, ಕೊಳವೆಯನ್ನು ತಾರಸಿಯ ಮೇಲಕ್ಕೆ ಎತ್ತಿಸಿ, ಎಂಜಿನ್ ಅಡಿಯ ಸವೆದ ರಬ್ಬರ್ ಮೌಂಟ್‌ಗಳನ್ನು ಬದಲಿಸಿದರು.

ಮತ್ತೆ ಅದೇ ದಿಂಬಿನ ಹತ್ತಿರ ಅಳೆದೆ. 50 ಹರ್ಟ್ಸ್ 69ರಿಂದ 57ಕ್ಕೆ, 100 ಹರ್ಟ್ಸ್ 55ರಿಂದ 47ಕ್ಕೆ ಇಳಿದಿತ್ತು. ಎ ಈಗ 37, ಜೀರುಂಡೆಯ 36ಕ್ಕಿಂತ ಒಂದು ಹೆಚ್ಚು. ಸಿ 57. ಅಂದರೆ ಎ ಪ್ರಕಾರ 5 ಡೆಸಿಬೆಲ್ ಲಾಭ, ಸಿ ಪ್ರಕಾರ 11. ಕಿವಿಗೊಟ್ಟು ಹುಡುಕಿದರೆ ಸ್ವರ ಈಗಲೂ ಸಿಗುತ್ತದೆ, ಕೇಳುವ ಗೆರೆಗಿಂತ ಇನ್ನೂ 13 ಮೇಲೆಯೇ ಇದೆಯಲ್ಲ. ಬೇಕಾದರೆ ಮಂಚವನ್ನು ಗೋಡೆಯಿಂದ ದೂರ ಎಳೆಯಿರಿ ಅಂತ ಟೀಚರಿಗೆ ಹೇಳಿದೆ. ಬೇಡ, ಈಗ ನಿದ್ದೆ ಬರ್ತದೆ ಅಂದರು.