ಮುಟ್ಟಿನ ಹಿಂದಿನ ದಿನದ ಅರೆತಲೆನೋವು: ನನ್ನ ಅನುಭವ

ಸಕಲೇಶಪುರದ ಸಮೀಪ ನಾನು ಹನ್ನೆರಡು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಮೈಗ್ರೇನ್ ನನಗೆ ಅದಕ್ಕಿಂತಲೂ ಹಳೆಯ ಪರಿಚಯ. ವೈದ್ಯಳಾಗಿದ್ದರೂ ನನ್ನ ತಲೆನೋವಿಗೆ ಕಾಫಿ ಹೂವಿನ ವಾಸನೆಯೇ ಕಾರಣವೆಂದು ಬಹುಕಾಲ ನಂಬಿದ್ದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಬಂದ ನೋವು ನೆನಪಿನಲ್ಲಿ ಉಳಿಯುತ್ತಿತ್ತು, ಆಷಾಢದ ಮಳೆಯಲ್ಲಿ ಬಂದದ್ದು ಮರೆತುಹೋಗುತ್ತಿತ್ತು. ವಾಸನೆ ಸಹಿಸಲಾಗದಿರುವುದು ಎಷ್ಟೋ ಸಲ ಆಗಲೇ ಶುರುವಾಗಿರುವ ಮೈಗ್ರೇನಿನ ಲಕ್ಷಣವೆಂದು ರೋಗಿಗಳಿಗೆ ಹೇಳುತ್ತಿದ್ದವಳು ಅದನ್ನು ನನಗೆ ಅನ್ವಯಿಸಿಕೊಂಡಿರಲಿಲ್ಲ.

ಕೊನೆಗೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ತೊಡಗಿದೆ. ಸ್ರಾವ ಶುರುವಾದ ದಿನಕ್ಕೆ ಕೆಂಪು ಸುತ್ತು, ತಲೆನೋವು ಶುರುವಾದ ದಿನಕ್ಕೆ ನೀಲಿ ಗೆರೆ. ಸ್ರಾವದ ಮೊದಲ ದಿನವನ್ನು 1 ಎಂದೂ ಅದರ ಹಿಂದಿನ ದಿನವನ್ನು −1 ಎಂದೂ ಎಣಿಸಬೇಕು. ನಡುವೆ ಸೊನ್ನೆ ಇಲ್ಲ. −2ರಿಂದ 3ನೇ ದಿನದೊಳಗೆ, ಮೂರು ಚಕ್ರಗಳಲ್ಲಿ ಕನಿಷ್ಠ ಎರಡರಲ್ಲಿ ನೋವು ಬಂದರೆ ಅದು ಮುಟ್ಟಿಗೆ ಸಂಬಂಧಿಸಿದ ಮೈಗ್ರೇನ್. ನನ್ನ ಮೂರು ಚಕ್ರಗಳಲ್ಲಿ ನೀಲಿ ಗೆರೆ −1, −1 ಮತ್ತು 1ನೇ ದಿನಗಳಲ್ಲಿ ಬಿದ್ದಿತ್ತು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮರುದಿನದ ಒಂದು ನೋವು ಮಾತ್ರ ಹೊರಗುಳಿದಿತ್ತು.

ಈ ದಿನಗಳಲ್ಲಿ ನಡೆಯುವುದೇನು? ಅಂಡೋತ್ಪತ್ತಿಯ ನಂತರದ ಹದಿನೈದು ದಿನಗಳಲ್ಲಿ ಹೆಚ್ಚಿನ ಕಾಲ ಮೇಲ್ಮಟ್ಟದಲ್ಲಿರುವ ಈಸ್ಟ್ರೋಜೆನ್ ಹಾರ್ಮೋನು, ಗರ್ಭ ನಿಲ್ಲದಿದ್ದರೆ ಮುಟ್ಟಿಗೆ ಮುಂಚೆ ಇಳಿದುಬಿಡುತ್ತದೆ. ಪ್ರೊಜೆಸ್ಟರಾನ್ ಕೂಡ ಅದೇ ವೇಳೆಗೆ ಇಳಿಯುವುದರಿಂದ ತಪ್ಪು ಯಾವುದರದೆಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಬಿಡಿಸಿದವರು ಆಸ್ಟ್ರೇಲಿಯಾದ ನರರೋಗ ತಜ್ಞ ಬ್ರಯನ್ ಸೋಮರ್‌ವಿಲ್. 1972ರಲ್ಲಿ ಅವರು ಮುಟ್ಟಿಗೆ ಮುಂಚೆ ಈಸ್ಟ್ರೋಜೆನ್ ಚುಚ್ಚುಮದ್ದು ಕೊಟ್ಟಾಗ ಮುಟ್ಟು ಸಮಯಕ್ಕೆ ಬಂತು, ಮೈಗ್ರೇನ್ ಮುಂದಕ್ಕೆ ಹೋಯಿತು. ಪ್ರೊಜೆಸ್ಟರಾನ್ ಕೊಟ್ಟಾಗ ಮುಟ್ಟು ಮುಂದಕ್ಕೆ ಹೋಯಿತು, ಮೈಗ್ರೇನ್ ಮಾತ್ರ ಎಂದಿನ ದಿನವೇ ಬಂತು. ಇಷ್ಟು ಸರಳವಾಗಿ ಉತ್ತರ ಕೊಡುವ ಪ್ರಯೋಗಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಹಾಗಾದರೆ ಆ ದಿನಗಳಲ್ಲಿ ಈಸ್ಟ್ರೋಜೆನ್ ಜೆಲ್ ಹಚ್ಚಿಕೊಂಡರೆ ಮುಗಿಯಿತಲ್ಲವೇ? ಹಚ್ಚುವಷ್ಟು ದಿನ ನೋವು ಕಡಿಮೆಯಾಗುತ್ತದೆ, ಆದರೆ ನಿಲ್ಲಿಸಿದಾಗ ಅದೇ ಇಳಿತ ತಡವಾಗಿ ಬಂದು ನೋವನ್ನು ತರುವುದುಂಟು. ಆದ್ದರಿಂದ ನಾನು ಇನ್ನೊಂದು ದಾರಿ ಹಿಡಿದೆ: ನೋವು ನಿರೀಕ್ಷಿಸುವ ದಿನಕ್ಕೆ ಎರಡು ದಿನ ಮುಂಚಿನಿಂದ ಆರು ದಿನ, ಊಟದ ನಂತರ, ನೋವುನಿವಾರಕ ನ್ಯಾಪ್ರೋಕ್ಸೆನ್ 500 ಮಿಲಿಗ್ರಾಂ ದಿನಕ್ಕೆರಡು ಬಾರಿ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಇಂಥ ಮಾತ್ರೆಗಳಿಂದ ಕೆರಳುವ ಅಸ್ತಮಾ ಇರುವವರಿಗೂ ಗರ್ಭ ಬಯಸುತ್ತಿರುವವರಿಗೂ ಇದನ್ನು ನಾನು ಬರೆಯುವುದಿಲ್ಲ.

ಮೊದಲ ತಿಂಗಳು ಸೋತೆ. ನನ್ನ ಚಕ್ರ 28 ದಿನವೆಂದು ಹಿಡಿದು 26ನೇ ದಿನ ಮಾತ್ರೆ ಆರಂಭಿಸಿ 31ಕ್ಕೆ ಮುಗಿಸಿದೆ. ಆ ಸಲ ಮುಟ್ಟು 34ನೇ ದಿನ ಬಂತು. ಅದರ ಹಿಂದಿನ ದಿನ, ಹೊರಗೆ ರೋಗಿಗಳು ಕಾಯುತ್ತಿರುವಾಗ, ಎಡಗಣ್ಣಿನ ಹಿಂದೆ ಮಿಡಿತ ಶುರುವಾಗಿ ನಾನು ತಪಾಸಣೆಯ ಮಂಚದ ಮೇಲೆ ದೀಪ ಆರಿಸಿ ಮಲಗಬೇಕಾಯಿತು. ಔಷಧವೇ ಕೆಲಸ ಮಾಡಲಿಲ್ಲವೆಂದು ಬರೆದಿಡುವುದರಲ್ಲಿದ್ದೆ. ಕ್ಯಾಲೆಂಡರ್ ನೋಡಿದ ಮೇಲೆ ತಪ್ಪಿದ್ದು ಎಣಿಕೆಯೆಂದು ತಿಳಿಯಿತು.

ಚಕ್ರ ಉದ್ದವಾಗುವುದು ಸಾಮಾನ್ಯವಾಗಿ ಅಂಡೋತ್ಪತ್ತಿ ತಡವಾದಾಗ; ಅದರ ನಂತರದ ಭಾಗ ಅಷ್ಟಾಗಿ ಬದಲಾಗದು. ಆದ್ದರಿಂದ ಹಿಂದಿನ ಮುಟ್ಟಿನಿಂದ ಎಣಿಸುವುದನ್ನು ಬಿಟ್ಟು, ಔಷಧದಂಗಡಿಯಲ್ಲಿ ಸಿಗುವ ಅಂಡೋತ್ಪತ್ತಿ ಪರೀಕ್ಷೆಯ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡತೊಡಗಿದೆ. ಎರಡನೇ ಗೆರೆ ಮೊದಲನೆಯಷ್ಟೇ ಗಾಢವಾದ ದಿನದಿಂದ ಮುಟ್ಟಿಗೆ ನನ್ನಲ್ಲಿ ಎರಡು ಚಕ್ರಗಳಲ್ಲಿ 14 ಮತ್ತು 15 ದಿನ ಆಯಿತು. ಮೂರನೇ ಚಕ್ರದಲ್ಲಿ ಗೆರೆ ಗಾಢವಾದ ಮೇಲಿನ 11ನೇ ದಿನ ಮಾತ್ರೆ ಶುರುಮಾಡಿದೆ. ಅದೇ ಎಣಿಕೆಯಲ್ಲಿ ಮುಟ್ಟು 14ನೇ ದಿನ ಬಂತು. ಅಂದು ಸಂಜೆ ಹಣೆಯ ಎಡಕ್ಕೆ ಒಂದು ಭಾರ ಬಂದದ್ದು ನಿಜ. ಮೈಗ್ರೇನಿಗೆಂದೇ ಇರುವ ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ಒಂದೇ ಮಾತ್ರೆಗೆ ಎರಡು ಗಂಟೆಯಲ್ಲಿ ಇಳಿಯಿತು. ಮೊದಲೆಲ್ಲ ಅದು ಮೂರು ದಿನ ಬಿಡುತ್ತಿರಲಿಲ್ಲ.

ಈ ಎಣಿಕೆಯನ್ನು ತೋಟದ ಕೆಲಸದ ಒಬ್ಬಾಕೆಗೆ ಹೇಳಿಕೊಡುತ್ತಿದ್ದಾಗ ಅವಳು, "ಡಾಕ್ಟ್ರಮ್ಮ, ನಂಗೆ ನೋವಿಗೆ ಮುಂಚೆ ಕಣ್ಮುಂದೆ ಗರಗಸದ ಹಲ್ಲಿನ ಹಂಗೆ ಬೆಳಕು ಆಡ್ತದೆ" ಎಂದಳು. ಮೈಗ್ರೇನಿಗೆ ಮುಂಚೆ ಹೀಗೆ ಕಾಣುವುದಕ್ಕೆ ಆರಾ ಎನ್ನುತ್ತಾರೆ. ಅಂಥವರಿಗೆ ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುವುದರಿಂದ, ಅವಳು ನುಂಗುತ್ತಿದ್ದುದನ್ನು ಅಂದೇ ಬಿಡಿಸಿ ಬೇರೆ ವಿಧಾನಕ್ಕೆ ಬದಲಾಯಿಸಿದೆ.

ನನಗೀಗ 44. ಕಳೆದ ಎರಡು ಚಕ್ರಗಳು 24 ಮತ್ತು 39 ದಿನಗಳದ್ದಾಗಿದ್ದವು. ಎರಡನೆಯದರಲ್ಲಿ ಪಟ್ಟಿಯ ಮೇಲೆ ಗಾಢ ಗೆರೆ ಮೂಡಲೇ ಇಲ್ಲ. ಅಂಥ ತಿಂಗಳು ಮುನ್ನೆಚ್ಚರಿಕೆಯ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲವಾದ್ದರಿಂದ, ನೋವು ಶುರುವಾದ ಕೂಡಲೇ ಸುಮಾಟ್ರಿಪ್ಟಾನ್ ಮತ್ತು ನ್ಯಾಪ್ರೋಕ್ಸೆನ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇನೆ, ಮತ್ತು ಸುಮಾಟ್ರಿಪ್ಟಾನ್ ನುಂಗುವ ದಿನಗಳು ತಿಂಗಳಲ್ಲಿ ಹತ್ತನ್ನು ತಲುಪದಂತೆ ಅದೇ ಕ್ಯಾಲೆಂಡರಿನಲ್ಲಿ ಲೆಕ್ಕ ಇಡುತ್ತೇನೆ.